ಎಕ್ಸರೇ ನಾರ್ಮಲ್ ಐತಿ, ಮೊಣಕಾಲು ಮಾತ್ರ ಕುಸೀತೈತಿ

ಗದಗ ರೇಡರ್: ತಮ್ಮಗ 22 ವರ್ಷ. ಕಬಡ್ಡಿಯೊಳಗ ಕಾಲು ನೆಲಕ್ಕ ನಾಟಿ ಮೈ ತಿರುಗಿತು, ಮೊಣಕಾಲಾಗ ‘ಟಪ್’ ಅಂತು. ತಾಸಿನೊಳಗ ಬಾತಿತು. ಎಕ್ಸರೇ ನಾರ್ಮಲ್ ಅಂದ್ರು. ಆರು ವಾರ ಆತು, ಸೀದಾ ನಡೀತಾನ, ತಿರುಗಿದ್ರ ಕುಸೀತೈತಿ. ಎಂಆರ್‌ಐಗೆ ರೊಕ್ಕ ಭಾಳ. ಅಲ್ಟ್ರಾಸೌಂಡ್ ಸಾಕಾಗ್ತೈತೇನ್ರಿ?

ಹಾವೇರಿ ಅಕ್ಕ: ಸಾಕ್ರಿ. ನಮ್ಮನಿಯವರ ಹೆಗಲಿಗೆ ಅದನ್ನ ಮಾಡಿಸಿದ್ವಿ. ತೋಳು ಎತ್ತಿಸಿ, ತಿರುಗಿಸಿ ನೋಡಿ, ನಾರು ಹರದೈತಿ ಅಂತ ಅಲ್ಲೇ ಹೇಳಿದ್ರು.

ವಿದ್ಯಾನಗರ ಹುಬ್ಬಳ್ಳಿ: ಎಕ್ಸರೇಕ್ಕ ಹಾಕಿದ ರೊಕ್ಕನ ದಂಡ ಆತು. ಮೊದಲೇ ಎಂಆರ್‌ಐ ಮಾಡಿಸಿದ್ರ ಎಲ್ಲಾ ಕಾಣತಿತ್ತು. ಇಂಜೆಕ್ಷನ್ ಹಾಕಿ ಮಾಡಸ್ರಿ, ಇನ್ನೂ ಚೊಲೊ ಬರತೈತಿ.

ರೇಡಿಯಾಲಜಿ ಧಾರವಾಡ: ಅಕ್ಕಾರ, ಹೆಗಲಿಗೆ ನೀವು ಮಾಡಿಸಿದ್ದು ಸರಿ. ಅಲ್ಲಿನ ಸ್ನಾಯುರಜ್ಜು ಚರ್ಮದ ಕೆಳಗೇ ಸಿಗುತ್ತದೆ. ಮೊಣಕಾಲಿನಲ್ಲಿ ನಮಗೆ ಅನುಮಾನ ಇರುವುದು ಎಸಿಎಲ್ ಮೇಲೆ, ಅಂದರೆ ತೊಡೆ ಎಲುಬನ್ನು ಕೆಳಗಿನ ಎಲುಬಿಗೆ ಕಟ್ಟಿ ಹಿಡಿಯುವ ಲಿಗಮೆಂಟಿನ ಮೇಲೆ. ಅದು ತೊಡೆ ಎಲುಬಿನ ಎರಡು ಗುಂಡಿನ ನಡುವೆ, ಆಳದಲ್ಲಿದೆ. ಅಲ್ಟ್ರಾಸೌಂಡಿನ ಶಬ್ದ ಎಲುಬು ದಾಟಿ ಹೋಗುವುದಿಲ್ಲ. ಹಾಗಾಗಿ ನೀರು ತುಂಬಿದ್ದು, ಚಿಪ್ಪಿನ ಮೇಲೆ ಕೆಳಗಿನ ಸ್ನಾಯುರಜ್ಜು, ಪಕ್ಕದ ಲಿಗಮೆಂಟು, ಹಿಂದಿನ ನೀರುಗಡ್ಡೆ ಚೆನ್ನಾಗಿ ಕಾಣುತ್ತವೆ. ಎಸಿಎಲ್ ನಂಬುವ ಹಾಗೆ ಕಾಣುವುದಿಲ್ಲ. ಎರಡು ಎಲುಬಿನ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್‌ನ ಹೊರ ಅಂಚಷ್ಟೇ ಸಿಗುತ್ತದೆ. “ಅಲ್ಟ್ರಾಸೌಂಡ್ ನಾರ್ಮಲ್” ಅಂತ ಚೀಟಿ ಬಂದರೂ ತಮ್ಮನ ಪ್ರಶ್ನೆ ಹಾಗೇ ಉಳಿಯುತ್ತದೆ.

ವಿದ್ಯಾನಗರದವರೇ, ಎಕ್ಸರೇ ದಂಡವಲ್ಲ. ಪೆಟ್ಟು ಬಿದ್ದ ಒಂದೆರಡು ತಾಸಿನಲ್ಲೇ ಬಾತರೆ ಒಳಗೆ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು. ಅದು ಎಲುಬು ಮುರಿದರೂ ಆಗುತ್ತದೆ, ಎಸಿಎಲ್ ಹರಿದರೂ ಆಗುತ್ತದೆ. ಹಳೇ ಫಿಲ್ಮನ್ನೇ ಇನ್ನೊಮ್ಮೆ ತೋರಿಸಿ. ಮೊಣಕಾಲ ಕೆಳಗಿನ ಎಲುಬಿನ ಮೇಲ್ತುದಿಯಲ್ಲಿ, ಹೊರಮಗ್ಗುಲಿಗೆ, ಅಕ್ಕಿ ನುಚ್ಚಿನಷ್ಟು ಎಲುಬಿನ ಚೂರು ಎದ್ದಿದ್ದರೆ ಅದನ್ನು ಸೆಗಾಂಡ್ ಮುರಿತ ಅನ್ನುತ್ತೇವೆ. ಅದರ ಜೊತೆ ಎಸಿಎಲ್ ಹರಿದಿರುವುದೇ ಹೆಚ್ಚು. ಅವಸರದಲ್ಲಿ ನೋಡಿದರೆ ಕಣ್ಣು ತಪ್ಪುತ್ತದೆ.

ಎಂಆರ್‌ಐ ಮಾಡಿಸುವುದಾದರೆ 1.5 ಟೆಸ್ಲಾ ಯಂತ್ರ ಸಾಕು. ಈ ಪೆಟ್ಟಿಗೆ ಇಂಜೆಕ್ಷನ್ ಬೇಡ, ಸುಮ್ಮನೆ ಖರ್ಚು. ಅರ್ಧ ತಾಸು ಕಾಲು ಅಲುಗದಂತೆ ಮಲಗಬೇಕು, ಅಲುಗಿದರೆ ಚಿತ್ರ ಮಸುಕಾಗುತ್ತದೆ. ಪೇಸ್‌ಮೇಕರ್, ಕಣ್ಣಲ್ಲಿ ಕಬ್ಬಿಣದ ಚೂರು, ಹಳೇ ರಾಡು ಸ್ಕ್ರೂ ಇದ್ದರೆ ಮೊದಲೇ ಹೇಳಿ. ಬರೆಸಿಕೊಂಡು ಹೋಗುವ ಚೀಟಿಯಲ್ಲಿ “ಮೊಣಕಾಲು ನೋವು” ಅಂತಷ್ಟೇ ಇರಬಾರದು. ಯಾವ ಕಾಲು, ಯಾವ ದಿನ, ತಿರುಚಿದ್ದು, ಟಪ್ ಅಂದಿದ್ದು, ಕುಸಿಯುವುದು, ಇಷ್ಟೂ ಇರಲಿ. ವರದಿ ಬರೆಯುವವರು ಎಲ್ಲಿ ದಿಟ್ಟಿಸಬೇಕು ಅನ್ನುವುದು ಅದರಿಂದಲೇ ಗೊತ್ತಾಗುವುದು.

ಫಿಜಿಯೋ ಗೋಕುಲ ರಸ್ತೆ: ಯಂತ್ರಕ್ಕ ಹೋಗೂದಕ್ಕಿಂತ ಮೊದಲು ಕೈಯಿಂದ ನೋಡಿದವರು ಯಾರರೆ ಅದಾರೇನು? ಮೊಣಕಾಲು 20–30 ಡಿಗ್ರಿ ಮಡಚಿಸಿ, ಒಂದು ಕೈಲೆ ತೊಡಿ ಗಟ್ಟಿ ಹಿಡದು, ಇನ್ನೊಂದು ಕೈಲೆ ಮೊಣಕಾಲ ಕೆಳಗಿನ ಕಾಲು ಮುಂದ ಜಗ್ಗಬೇಕು. ಚೊಲೊ ಕಾಲಿನೊಳಗ ಜಗ್ಗಿದ್ರ ‘ಟಕ್’ ಅಂತ ತಡೀತೈತಿ. ಹರದ ಕಾಲು ಮೆತ್ತಗ ಮುಂದ ಬರತೈತಿ. ಪೆಟ್ಟಿನ ದಿನ ನೋವಿಗೆ ಸ್ನಾಯು ಬಿಗಿಹಿಡದು ಮೋಸ ಆಗತೈತಿ, ಆರು ವಾರಕ್ಕ ಚೊಲೊ ತಿಳೀತೈತಿ. ಆಪರೇಷನ್ ಬ್ಯಾಡ, ಮತ್ತ ಕಬಡ್ಡಿ ಆಡೂದಿಲ್ಲ ಅಂದ್ರ ತೊಡಿ ಬಲ ಮಾಡೂ ವ್ಯಾಯಾಮ ಮೊದಲು ಶುರು ಮಾಡ್ರಿ. ಎಂಆರ್‌ಐ ಆಮ್ಯಾಲೂ ಆಗತೈತಿ.

ರೇಡಿಯಾಲಜಿ ಧಾರವಾಡ: ಕೈಪರೀಕ್ಷೆ ಮೊದಲು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಕೈಗೆ ಎಸಿಎಲ್ ಸಿಕ್ಕಷ್ಟು ಸಲೀಸಾಗಿ ಮೆನಿಸ್ಕಸ್ ಸಿಗುವುದಿಲ್ಲ. ಕುಸಿಯುವ ಕಾಲಲ್ಲಿ ತಿಂಗಳುಗಟ್ಟಲೆ ಓಡಾಡಿದರೆ ಹರಿಯದ ಮೆನಿಸ್ಕಸ್ಸೂ ಹರಿಯಬಹುದು.

ವಿದ್ಯಾನಗರ ಹುಬ್ಬಳ್ಳಿ: ನಮ್ಮ ಅಪ್ಪಗ 58. ಎಂಆರ್‌ಐನಾಗ ಮೆನಿಸ್ಕಸ್ ಹರದೈತಿ ಅಂತ ಬಂದೈತಿ. ಹಂಗಾರ ಅವರಿಗೂ ಆಪರೇಷನ್ನ?

ರೇಡಿಯಾಲಜಿ ಧಾರವಾಡ: ಆ ವಯಸ್ಸಿನಲ್ಲಿ ನೋವೇ ಇಲ್ಲದವರ ಮೊಣಕಾಲಲ್ಲೂ ಹರಿದದ್ದು ಕಾಣುತ್ತದೆ. ವರದಿಯನ್ನು ನೋವಿನ ಜಾಗದ ಜೊತೆ ತಾಳೆ ಹಾಕಬೇಕು. “ಗ್ರೇಡ್ 1, 2” ಅಂತಿದ್ದರೆ ಅದು ಹರಿದದ್ದೇ ಅಲ್ಲ. ಬಿಳಿ ಗೆರೆ ಮೆನಿಸ್ಕಸ್‌ನ ಮೇಲ್ಮೈ ಮುಟ್ಟಿದ್ದರೆ ಮಾತ್ರ ಹರಿದಿದೆ ಅನ್ನುತ್ತೇವೆ. ಅವರಿಗೆ ಎರಡೂ ಕಾಲಿನ ನಿಂತ ಎಕ್ಸರೇ ಆಗಿದೆಯಾ? ಮಲಗಿಸಿ ತೆಗೆದರೆ ಸವೆತ ಕಡಿಮೆ ಕಾಣುತ್ತದೆ.

ಗದಗ ರೇಡರ್: ಒಂದು ಹೇಳೂದು ಬಿಟ್ಟಿದ್ದೆ. ಕಾಲು ಪೂರ್ತಿ ಚಾಚಾಕ ಬರವಲ್ದು. ಮಲಗಿದಾಗ ಮೊಣಕಾಲ ಕೆಳಗ ಒಂದು ಮುಷ್ಟಿ ಹೋಗೂವಷ್ಟು ಸಂದಿ ಉಳೀತೈತಿ.

ರೇಡಿಯಾಲಜಿ ಧಾರವಾಡ: ಹಾಗಿದ್ದರೆ ಕಾಯಬೇಡಿ. ಹರಿದ ಮೆನಿಸ್ಕಸ್ ಮಗುಚಿ ಕೀಲಿನ ನಡುವೆ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ತಡವಾದಷ್ಟೂ ಹೊಲಿಯುವುದು ಕಷ್ಟ. ಈ ವಾರವೇ ಎಲುಬಿನ ಡಾಕ್ಟರಿಗೆ ತೋರಿಸಿ, ಎಂಆರ್‌ಐ ಬರೆಸಿ.

ಫಿಜಿಯೋ ಗೋಕುಲ ರಸ್ತೆ: ತೊಡಿ ಹಿಂದಿನ ಸ್ನಾಯು ಬಿಗದ್ರೂ ಹಂಗ ಆಗತೈತ್ರಿ. ಕೈಯಿಂದ ನಿಧಾನಕ್ಕ ಒತ್ತಿದ್ರ ಚಾಚತೈತೋ, ಕಲ್ಲಿಗೆ ತಾಗಿದಂಗ ನಿಲ್ಲತೈತೋ, ಅದನ್ನ ಡಾಕ್ಟರ ಕಡೆಯಿಂದನ ನೋಡಸ್ರಿ. ಮನ್ಯಾಗ ಜೋರ ಮಾಡಿ ಒತ್ತಬ್ಯಾಡ್ರಿ. ಮೀನಖಂಡ ಬಾತು ಬಿಸಿ ಆದ್ರ ಮಾತ್ರ ಅವತ್ತ ಡಾಪ್ಲರ್ ಮಾಡಸ್ರಿ, ರಕ್ತ ಹೆಪ್ಪುಗಟ್ಟಿದ್ದು ಅದರಾಗ ಕಾಣತೈತಿ.

ಹಾವೇರಿ ಅಕ್ಕ: ಅದೂ ಅಲ್ಟ್ರಾಸೌಂಡ್ ಅಲ್ಲೇನ್ರಿ ಮತ್ತ!