ಮಳೆಗೆ ಮುಂಚೆ ಚಾವಣಿ: ಸಹಾಯ ಕೇಳುವ ಸಂದೇಶ ಹೇಗೆ ಬರೆಯೋದು?

ದೇಚಮ್ಮ, ಸುಂಟಿಕೊಪ್ಪ: ನಮ್ಮದು ಚಿಕ್ಕ ಆಶ್ರಯ, 23 ನಾಯಿ, 9 ಬೆಕ್ಕು. ಹೊಸದಾಗಿ ಬಂದ ಮರಿಗಳನ್ನು ಇಡುವ ಕೋಣೆಯ ಚಾವಣಿ ಸೋರುತ್ತಿದೆ. ಜೂನ್ ಮಳೆ ಹಿಡಿಯುವ ಮೊದಲು ಹಾಕಿಸಬೇಕು. ವಾಟ್ಸಾಪ್‌ನಲ್ಲಿ ಕಳಿಸಲು ಹೀಗೆ ಬರೆದಿದ್ದೇನೆ: "ನೀವು ಇಂದು ಸುಮ್ಮನಿದ್ದರೆ ಈ ಮುದ್ದು ಮರಿಗಳು ನಾಳೆ ಇರುವುದಿಲ್ಲ. ಒಂದು ಕಾಫಿಯ ದುಡ್ಡು ಸಾಕು, ಮನಸ್ಸಿದ್ದರೆ ಕೊಡಿ." ಓದಿದರೆ ನನಗೇ ಮುಜುಗರ. ಹೇಗೆ ತಿದ್ದಲಿ?

ರಾಜಶೇಖರ, ಮಡಿಕೇರಿ (ಸಂಸ್ಥೆಗಳಿಗೆ ದೇಣಿಗೆ ಸಂಗ್ರಹದ ಕೆಲಸ): ನಿಮ್ಮ ಮುಜುಗರ ಸರಿಯಾಗಿಯೇ ಇದೆ ಮೇಡಂ. "ನಾಳೆ ಇರುವುದಿಲ್ಲ" ಅಂದಿರಿ, ನಾಳೆ ಮರಿಗಳು ಆರಾಮಾಗಿ ಆಡುತ್ತಿರುತ್ತವೆ. ಅದನ್ನು ನೋಡಿದವರು ನಿಮ್ಮ ಮುಂದಿನ ಸಂದೇಶವನ್ನು ಓದುವುದೇ ಇಲ್ಲ. "ಕಾಫಿಯ ದುಡ್ಡು" ಕೂಡ ಬೇಡ. ನಮ್ಮೂರಲ್ಲಿ ಓದುವವರು ಕಾಫಿ ಬೆಳೆಯುವವರು, ಆ ಸಾಲು ಬೆಂಗಳೂರಿನ ವಾಸನೆ ಹೊಡೆಯುತ್ತದೆ.

ಮೊದಲು ಒಂದೆರಡು ವಿಷಯ ಹೇಳಿ. ಚಾವಣಿ ಸೋರಿದರೆ ಆ ಕೋಣೆಯಲ್ಲಿ ನಿಜಕ್ಕೂ ಏನಾಗುತ್ತದೆ? ಎಷ್ಟು ಖರ್ಚು ಅಂತ ಯಾರಾದರೂ ಬರೆದುಕೊಟ್ಟಿದ್ದಾರಾ? ಕೈಯಲ್ಲಿ ಈಗ ಎಷ್ಟಿದೆ?

ದೇಚಮ್ಮ: ಹೊಸ ಮರಿಗಳನ್ನು ಎರಡು ವಾರ ಬೇರೆ ಇಡುತ್ತೇವೆ, ನಾಯಿಮರಿಗಳಿಗೆ ಹರಡುವ ಪಾರ್ವೊ ಕಾಯಿಲೆಯ ಭಯಕ್ಕೆ. ಜೋರು ಮಳೆಗೆ ಆ ಕೋಣೆಯ ಕೊಳಕು ನೀರು ದೊಡ್ಡ ನಾಯಿಗಳ ಅಂಗಳಕ್ಕೆ ಹರಿಯುತ್ತದೆ. ವೆಲ್ಡಿಂಗ್ ಅಣ್ಣ ಬಾಯಲ್ಲಿ ಹೇಳಿದ್ದು: ಶೀಟ್ 18,200, ಪೈಪ್ 9,600, ಕೂಲಿ 8,000, ಗಾಡಿ ಬಾಡಿಗೆ 2,200. ಕೈಯಲ್ಲಿರುವುದು 11,000.

ಬೋಪಯ್ಯ, ವಿರಾಜಪೇಟೆ: ತೆರಿಗೆ ವಿನಾಯಿತಿ ಇದೆ ಅಂತ ಮೊದಲ ಸಾಲಿನಲ್ಲೇ ಹಾಕಮ್ಮ. ಟ್ರಸ್ಟ್ ಅಂದ ಮೇಲೆ 80ಜಿ ಇದ್ದೇ ಇರುತ್ತದೆ. ತೋಟದವರು ಅದಕ್ಕಾಗಿಯೇ ಕೊಡುತ್ತಾರೆ.

ರಾಜಶೇಖರ: ಅರ್ಧ ಸರಿ ಬೋಪಯ್ಯಣ್ಣ. ಟ್ರಸ್ಟ್ ನೋಂದಣಿ ಬೇರೆ, 80ಜಿ ಅನುಮೋದನೆ ಬೇರೆ. ಎರಡನೆಯದನ್ನು ಆದಾಯ ತೆರಿಗೆ ಇಲಾಖೆಯಿಂದ ಪ್ರತ್ಯೇಕವಾಗಿ ಪಡೆದಿರಬೇಕು. ಇದ್ದರೂ, 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಆ ಲಾಭ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುವುದಿಲ್ಲ. ಇಲ್ಲದಿದ್ದರೆ "ನಮಗೆ ಇನ್ನೂ 80ಜಿ ಇಲ್ಲ" ಅಂತಲೇ ಬರೆಯಿರಿ. ಈ ಒಂದು ಸಾಲಿನಿಂದ ಯಾರೂ ಓಡಿಹೋಗಿದ್ದನ್ನು ನಾನು ನೋಡಿಲ್ಲ.

ದೇಚಮ್ಮ ಮೇಡಂ, ನಿಮ್ಮ ಹತ್ತಿರ ಸಂದೇಶ ಆಗಲೇ ಇದೆ. ಆ ಕೊಳಕು ನೀರೇ ನಿಮ್ಮ ಕಥೆ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಅನ್ನುವುದು ನಾಯಿ ಸಾಕುವವರಿಗೆ ಗೊತ್ತು. ಹೀಗೆ ಬರೆದು ನೋಡಿ:

"ನಮಸ್ಕಾರ. ನಾವು ಸುಂಟಿಕೊಪ್ಪದ ಪ್ರಾಣಿ ಆಶ್ರಯದವರು. ಈಗ 23 ನಾಯಿ, 9 ಬೆಕ್ಕು ನಮ್ಮಲ್ಲಿವೆ, ಎಲ್ಲವೂ ಚೆನ್ನಾಗಿವೆ. ಹೊಸ ಮರಿಗಳನ್ನು ಎರಡು ವಾರ ಬೇರೆ ಕೋಣೆಯಲ್ಲಿ ಇಡುತ್ತೇವೆ. ಅದರ ಚಾವಣಿ ಸೋರುತ್ತದೆ. ಮಳೆ ನೀರು ಆ ಕೋಣೆಯ ಕೊಳಕನ್ನು ದೊಡ್ಡ ನಾಯಿಗಳ ಅಂಗಳಕ್ಕೆ ಒಯ್ದರೆ ಪಾರ್ವೊ ಹರಡಬಹುದು. ಹೊಸ ಚಾವಣಿಗೆ 38,000 ರೂಪಾಯಿ ಬೇಕು: ಶೀಟ್ 18,200, ಪೈಪ್ 9,600, ಕೂಲಿ 8,000, ಸಾಗಣೆ 2,200. ನಮ್ಮಲ್ಲಿ 11,000 ಇದೆ, ಇನ್ನು 27,000 ಬೇಕು. ಕೊಟೇಶನ್ ಫೋಟೊ ಕೆಳಗಿದೆ. ಮೇ 25ರವರೆಗೆ ಮಾತ್ರ ತೆಗೆದುಕೊಳ್ಳುತ್ತೇವೆ. ಅಷ್ಟರಲ್ಲಿ ಪೂರ್ತಿ ಬರದಿದ್ದರೆ ನೀರು ಜಾಸ್ತಿ ಬೀಳುವ ಭಾಗಕ್ಕೆ ಮಾತ್ರ ಶೀಟ್ ಹಾಕಿಸುತ್ತೇವೆ. ಹೆಚ್ಚಿಗೆ ಬಂದರೆ ಅದು ಮರಿಗಳ ಲಸಿಕೆಗೆ. ಬಿಲ್ ಮತ್ತು ಲೆಕ್ಕವನ್ನು ಜೂನ್ 10ಕ್ಕೆ ಇದೇ ಗುಂಪಿನಲ್ಲಿ ಹಾಕುತ್ತೇವೆ. ಹಣದ ಬದಲು ಶೀಟ್ ಕೊಡುವುದಾದರೂ ಸರಿ, ಅಳತೆ ಕಳಿಸುತ್ತೇವೆ. ಈಗ ಅನುಕೂಲ ಇಲ್ಲದಿದ್ದರೆ ಪರವಾಗಿಲ್ಲ."

ಕೊನೆಯ ಸಾಲನ್ನು ಅನುಮಾನಿಸಬೇಡಿ. ಕೊಡದವರ ಮನಸ್ಸಿನ ಭಾರ ಇಳಿಸಿ ಕಳಿಸಿದರೆ, ಮುಂದಿನ ಸಲ ಅವರೇ ಬರುತ್ತಾರೆ.

ಬಾಯಿಮಾತಿನ ಲೆಕ್ಕವನ್ನು ಮಾತ್ರ ಹಾಗೇ ಹಾಕಬೇಡಿ. ವೆಲ್ಡಿಂಗ್ ಅಣ್ಣನಿಂದ ಒಂದು ಚೀಟಿಯಲ್ಲಾದರೂ ತಾರೀಖು, ಸಹಿ ಹಾಕಿಸಿಕೊಳ್ಳಿ. ಹಣ ಹೋಗುವ ಖಾತೆ ಯಾರ ಹೆಸರಲ್ಲಿದೆ?

ದೇಚಮ್ಮ: ನನ್ನ ಫೋನ್‌ಪೇ. ಟ್ರಸ್ಟ್ ಖಾತೆ ಇದೆ, ಆದರೆ ಕ್ಯೂಆರ್ ಮಾಡಿಸಿಲ್ಲ.

ರಾಜಶೇಖರ: ಅದು ಮೊದಲು. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಬರುವ ಹೆಸರು ಸಂದೇಶದಲ್ಲಿರುವ ಹೆಸರಿನಂತೆಯೇ ಇರಬೇಕು. ಸಂದೇಶ ನಾಲ್ಕು ಕೈ ದಾಟುವಷ್ಟರಲ್ಲಿ ಕ್ಯೂಆರ್ ಬದಲಾಗಿ ಹೋಗುವುದೂ ಉಂಟು. ಆದ್ದರಿಂದ "ಹೆಸರು ಇದೇ ಬರಬೇಕು, ಬೇರೆ ಬಂದರೆ ಕಳಿಸಬೇಡಿ" ಅಂತ ಒಂದು ಸಾಲು ಸೇರಿಸಿ. ತಾರೀಖು ಮರೆಯಬೇಡಿ. ಇಲ್ಲದಿದ್ದರೆ ಮುಂದಿನ ವರ್ಷ ದಸರಾದಲ್ಲೂ ವಾಟ್ಸಾಪ್‌ನಲ್ಲಿ ನಿಮ್ಮ ಚಾವಣಿ ಸೋರುತ್ತಲೇ ಇರುತ್ತದೆ.

ಸುಹೈಲ್, ಕುಶಾಲನಗರ: ಅಕ್ಕ, ನಿಮ್ಮಲ್ಲಿ ಒಂದು ಲ್ಯಾಬ್ರಡಾರ್ ನಾಯಿ ಇಟ್ಟುಕೊಳ್ಳಲು ಜಾಗ ಇದೆಯಾ? ಪಕ್ಕದ ಹೋಮ್‌ಸ್ಟೇಗೆ ಬಂದವರು ಬಿಟ್ಟು ಹೋಗಿದ್ದಾರೆ. ಚಾವಣಿ ಹಾಕಿದ ಮೇಲೆ ಕರೆದುಕೊಂಡು ಬರುತ್ತೇನೆ, ತಿಂಗಳಿಗೆ ಏನಾದರೂ ಕೊಡುತ್ತೇನೆ.

ದೇಚಮ್ಮ: ಸುಹೈಲ್, ಇದು ಸಂದೇಶದ ಬಗ್ಗೆ ಮಾತಷ್ಟೇ. ಲ್ಯಾಬ್ ಬಗ್ಗೆ ಸಂಜೆ ಫೋನ್ ಮಾಡಿ. ಈಗ ಜಾಗ ಇಲ್ಲ ಅನ್ನುವುದೇ ನಿಜ.

ಗಂಗಮ್ಮ, ಸೋಮವಾರಪೇಟೆ: ನಾನು ಒಪ್ಪಲ್ಲ. ನಾವು ಗಾಯದ ಫೋಟೊ ಹಾಕಿದಾಗ ಒಂದೇ ದಿನಕ್ಕೆ ಹಣ ಬಂತು. ಲೆಕ್ಕದ ಪಟ್ಟಿ ಹಾಕಿದಾಗ ವಾರವಾದರೂ ಬರಲಿಲ್ಲ. ಕಣ್ಣಿಗೆ ಕಂಡರೆ ತಾನೆ ಜನ ಕೊಡೋದು?

ರಾಜಶೇಖರ: ಗಂಗಮ್ಮ, ಮೊದಲ ದಿನದ ವಿಷಯದಲ್ಲಿ ನಿಮ್ಮ ಮಾತು ಸುಳ್ಳಲ್ಲ. ಆದರೆ ನಾನೇ ಅದರಲ್ಲಿ ಸುಟ್ಟುಕೊಂಡಿದ್ದೇನೆ. ಒಂದು ನಾಯಿಯ ಮುರಿದ ಕಾಲಿನ ಫೋಟೊ ಹಾಕಿ "ಇಂದೇ ಆಪರೇಷನ್ ಆಗಬೇಕು" ಅಂತ ಕೇಳಿದೆವು. 21,000 ಬಂತು. ಆಪರೇಷನ್‌ಗೆ ಮುಂಚೆಯೇ ನಾಯಿ ಸತ್ತಿತು. ಹೇಳಲು ಸಂಕಟ ಆಗಿ ಎರಡು ವಾರ ಸುಮ್ಮನಿದ್ದೆವು. ಒಬ್ಬರು ಫೋನ್ ಮಾಡಿ "ನಾಯಿ ಹೇಗಿದೆ?" ಅಂದರು. ಹೇಳಿದಾಗ ಅವರಿಗೆ ಸಿಟ್ಟು ಬಂದದ್ದು ನಾಯಿ ಸತ್ತಿದ್ದಕ್ಕಲ್ಲ, ನಾವು ತಿಳಿಸದೆ ಇದ್ದದ್ದಕ್ಕೆ. ಆಮೇಲೆ ಒಬ್ಬೊಬ್ಬರಿಗೂ ಬರೆದು, ಹಣ ವಾಪಸ್ ಬೇಕಾ, ಬೇರೆ ನಾಯಿಗೆ ಬಳಸಲಾ ಅಂತ ಕೇಳಬೇಕಾಯಿತು. ಕೆಲವರು ವಾಪಸ್ ತೆಗೆದುಕೊಂಡರು. ಮೊದಲ ಸಂದೇಶದಲ್ಲೇ "ಈ ನಾಯಿಗೆ ಬಳಸಲು ಆಗದಿದ್ದರೆ ಮುಂದಿನ ಆಪರೇಷನ್‌ಗೆ" ಅಂತ ಬರೆದಿದ್ದರೆ ಆ ತಲೆನೋವೇ ಇರುತ್ತಿರಲಿಲ್ಲ. ಮೇಲಿನ ಸಂದೇಶದಲ್ಲಿ "ಹೆಚ್ಚಿಗೆ ಬಂದರೆ", "ಬರದಿದ್ದರೆ" ಅನ್ನುವ ಎರಡು ಸಾಲು ಇರುವುದು ಅದಕ್ಕೇ.

ಗಂಗಮ್ಮ: ನೀವು ತಿಳಿಸದೆ ಇದ್ದದ್ದು ತಪ್ಪು. ಫೋಟೊ ತಪ್ಪಲ್ಲ.

ರಾಜಶೇಖರ: ಇರಬಹುದು. ಗಾಯವನ್ನು ತೋರಿಸಲೇಬಾರದು ಅಂತ ನಾನೂ ಹೇಳುವುದಿಲ್ಲ. ಈ ಸಲ ತೋರಿಸಬೇಕಾದ್ದು ಸೋರುವ ಶೀಟು, ಅಷ್ಟೆ.

ಬೋಪಯ್ಯ: ಕೆನಡಾದಲ್ಲಿರುವ ನನ್ನ ಮಗ ಕೊಡುತ್ತಾನೆ ಅಂತಾನೆ, ಅಲ್ಲಿಯ ಪಾಸ್‌ಪೋರ್ಟ್ ಆಗಿದೆ. ಪರವಾಗಿಲ್ಲ ಅಲ್ವಾ?

ರಾಜಶೇಖರ: ಅದು ಆಗಲ್ಲ ಅಣ್ಣ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಪೌರತ್ವ ಬದಲಾದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಸಂದೇಶದಲ್ಲಿ "ಭಾರತೀಯ ನಾಗರಿಕರಿಂದ ಮಾತ್ರ" ಅಂತ ಸೇರಿಸಿಬಿಡಿ ಮೇಡಂ, ಈ ಜಿಲ್ಲೆಯಲ್ಲಿ ಹೊರದೇಶದಲ್ಲಿ ಮಕ್ಕಳಿಲ್ಲದ ಮನೆ ಹುಡುಕಬೇಕು.

ದೇಚಮ್ಮ: ನಾಳೆ ಬ್ಯಾಂಕಿಗೆ ಹೋಗಿ ಕ್ಯೂಆರ್ ಕೇಳುತ್ತೇನೆ. ವೆಲ್ಡಿಂಗ್ ಅಣ್ಣ ಚೀಟಿ ಬರೆಯಲು ಕೂತ ಮೇಲೆ ಕೂಲಿ 8,500 ಅಂತಿದ್ದಾನೆ. 27,000 ಇದ್ದದ್ದು 27,500 ಆಯಿತು, ತಿದ್ದಿ ಕಳಿಸುತ್ತೇನೆ.