ವಿಜಿಎ ಪೋರ್ಟ್ ಇರುವ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಅಸಲಿಯೇ? ಅನುಭವ ಹಂಚಿಕೊಳ್ಳಿ

ಪ್ರಶ್ನೆ (ಗಂಗಾವತಿ): ಜಿಟಿಎಕ್ಸ್ 1050 ಟಿಐ, 4 ಜಿಬಿ, ಹೊಸದು ಎಂದು ಆನ್‌ಲೈನಿನಲ್ಲಿ 4,200 ರೂಪಾಯಿಗೆ ಹಾಕಿದ್ದಾರೆ. ಫೋಟೋದಲ್ಲಿ ವಿಜಿಎ, ಡಿವಿಐ, ಎಚ್‌ಡಿಎಂಐ ಮೂರೂ ಕಾಣುತ್ತವೆ. ನನ್ನ ಹಳೆಯ ಮಾನಿಟರಿಗೆ ಅನುಕೂಲ. ಕೊಳ್ಳಬಹುದೇ?

ಸಿಂಧನೂರು: ನನ್ನ ಡಿಟಿಪಿ ಅಂಗಡಿಗೆ ಇಂಥದ್ದೇ ಕಾರ್ಡ್ 4,600ಕ್ಕೆ ಬಂತು. ಅದಕ್ಕೆ ಆರು ಪಿನ್ನಿನ ವಿದ್ಯುತ್ ಬೇಕೆಂದು 2,300 ಕೊಟ್ಟು ಪವರ್ ಸಪ್ಲೈ ಬದಲಿಸಿದೆ. ವಾಪಸು ಕಳಿಸಿದ ಕೊರಿಯರಿಗೆ 380 ಹೋಯಿತು, ಹಣ ಇನ್ನೂ ಬಂದಿಲ್ಲ. ವಿಂಡೋಸ್ 4 ಜಿಬಿ ಎಂದೇ ತೋರಿಸುತ್ತಿತ್ತು, ಆದರೆ ಜಾತ್ರೆಯ ಬ್ಯಾನರಿನ ದೊಡ್ಡ ಫೈಲ್ ತೆರೆದ ಕೂಡಲೇ ಪರದೆ ಕಪ್ಪಾಗುತ್ತಿತ್ತು. ಕಳಿಸುವ ಮುನ್ನ ಕೂಲರ್ ಬಿಚ್ಚಿ ಪೇಸ್ಟ್ ಒರೆಸಿದರೆ ಚಿಪ್ಪಿನ ಮೇಲೆ GF106 ಎಂದಿತ್ತು. ಅದು 2010ರ ಜಿಟಿಎಸ್ 450! ಎರಡು ಫ್ಯಾನಿನ ಭಾರೀ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಅಂಗೈಯಷ್ಟು ಅಲ್ಯೂಮಿನಿಯಂ ಮಾತ್ರ.

ಬಳ್ಳಾರಿ: 10ರ ಸರಣಿಯ ಚಿಪ್ಪಿನಿಂದ ಎನ್ವಿಡಿಯಾ ವಿಜಿಎಗೆ ಬೇಕಾದ ಅನಲಾಗ್ ಸಂಕೇತವನ್ನೇ ತೆಗೆದುಹಾಕಿದೆ. ಆದ್ದರಿಂದ ವಿಜಿಎ ಕಂಡರೆ ಸಂಶಯಪಡಲೇಬೇಕು. ಡಿವಿಐ ಪೋರ್ಟನ್ನೂ ಹಿಗ್ಗಿಸಿ ನೋಡಿ: ಅಡ್ಡ ಸೀಳಿನ ಮೇಲೆ ಕೆಳಗೆ ನಾಲ್ಕು ಸಣ್ಣ ರಂಧ್ರಗಳಿದ್ದರೆ ಅದೂ ಅನಲಾಗಿನದೇ. ಆರು ಪಿನ್ ಒಂದೇ ಸಾಕ್ಷಿಯಾಗದು. 1050 ಟಿಐಗೆ 75 ವಾಟ್ ಸ್ಲಾಟಿನಿಂದಲೇ ಸಿಕ್ಕರೂ ಕೆಲವು ಅಸಲಿ ಕಾರ್ಡ್‌ಗಳಿಗೂ ಆ ಕನೆಕ್ಟರ್ ಇದೆ. ಮಾರುವವರಿಂದ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶದ ಪರದೆಯ ಚಿತ್ರ ಕೇಳಿ. ಬಯಾಸ್ ತಿದ್ದಿದ ಕಾರ್ಡಾದರೆ ಹೆಸರಿನ ಮುಂದೆ `[FAKE]` ಎಂದು ಬರುತ್ತದೆ.

ಮಾನ್ವಿ: ಇಷ್ಟೆಲ್ಲ ಏಕೆ? ವಿಜಿಎ ಇದ್ದರೆ ಯಾವ ಕಾರ್ಡೂ ನಕಲಿಯೇ. ನಾನು 750 ಟಿಐ ಒಂದನ್ನು ಅದೇ ಕಾರಣಕ್ಕೆ ಬಾಗಿಲಲ್ಲೇ ತಿರುಗಿಸಿ ಕಳಿಸಿದೆ.

ಬಳ್ಳಾರಿ: 750 ಟಿಐ ಹಿಂದಿನ ಪೀಳಿಗೆಯದು, ಅದರಲ್ಲಿ ವಿಜಿಎ ಇರುವುದು ಸಹಜ. ತಾವು ಬಹುಶಃ ಒಳ್ಳೆಯ ಕಾರ್ಡನ್ನೇ ಕಳಿಸಿದ್ದೀರಿ.

ಮಾನ್ವಿ: ನೋಡದೆಯೇ ಒಳ್ಳೆಯದೆಂದು ತೀರ್ಪು ಕೊಡಲು ತಾವು ಯಾರು? ಹಿಂಬದಿಯಲ್ಲಿ ಒಂದು ಸ್ಟಿಕ್ಕರಿನ ಮೇಲೆ ಇನ್ನೊಂದು ಅಂಟಿಸಿದ್ದರು, ಅಂಚಿನಲ್ಲಿ ಹಳೆಯದು ಇಣುಕುತ್ತಿತ್ತು.

ಕೊಪ್ಪಳ: ನಾನು ಲ್ಯಾಪ್‌ಟಾಪ್ ಕೊಳ್ಳುವಾಗ ತಳದ ಲೇಬಲ್ ಫೋಟೋ ತರಿಸಿಕೊಂಡೆ. ಜಾಹೀರಾತಿನಲ್ಲಿ ಆರ್‌ಟಿಎಕ್ಸ್ 3050 ಎಂದಿತ್ತು, ಲೇಬಲ್ಲಿನಲ್ಲಿ 19V 3.42A. ಗುಣಿಸಿದರೆ 65 ವಾಟ್. ಪ್ರೊಸೆಸರ್, ಪರದೆ, ಚಾರ್ಜಿಂಗ್ ಎಲ್ಲ ಅಷ್ಟರಲ್ಲೇ ಆಗಬೇಕಾದರೆ ಆ ಕಾರ್ಡಿಗೆ ಉಳಿಯುವುದೇನು? ಬಿಟ್ಟುಬಿಟ್ಟೆ, ನನ್ನ 38,000 ಉಳಿಯಿತು.

ಸಿಂಧನೂರು: ಅವರು ಕೇಳಿದ್ದು ಲ್ಯಾಪ್‌ಟಾಪ್ ಅಲ್ಲ ಸ್ವಾಮಿ. ಗಂಗಾವತಿಯವರೇ, ಡ್ರೈವರ್ ಬಗ್ಗೆಯೂ ಕೇಳಿರಿ. ನನಗೆ ಮಾರಿದವನು "ಜೊತೆಗಿರುವ ಸಿಡಿಯಿಂದಲೇ ಹಾಕಿ, ಅಪ್‌ಡೇಟ್ ಮಾಡಬೇಡಿ" ಎಂದಿದ್ದ. ಆ ಹಳೆಯ ಚಿಪ್ಪಿಗೆ ಹೊಸ ಡ್ರೈವರ್ ಬರುವುದು 2018ರಲ್ಲೇ ನಿಂತಿದೆ.

ಕೊಪ್ಪಳ: ಲೇಬಲ್ ಓದುವುದು ಎಲ್ಲಕ್ಕೂ ಅನ್ವಯಿಸುತ್ತದೆ.

ಮಾನ್ವಿ: ಸ್ಟಿಕ್ಕರ್ ಮಾತಿಗೆ ಬಳ್ಳಾರಿಯವರ ಉತ್ತರ ಇನ್ನೂ ಬಂದಿಲ್ಲ.

ಬಳ್ಳಾರಿ: ಸ್ಟಿಕ್ಕರ್ ವಾರಂಟಿಯದೋ ಮಾದರಿಯದೋ ಎಂದು ಫೋಟೋ ಹಾಕಿದರೆ ಹೇಳುತ್ತೇನೆ.