ಸಹಾಯ ಬೇಕು: ಅಂಡರ್‌ರೈಟರ್ ಕೇಳಿದ ಮೂರು ವರ್ಷದ ಕ್ಲೇಮ್ ವಿವರಕ್ಕೆ ಉತ್ತರ ಹೇಗೆ ಬರೆಯುವುದು?

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಹತ್ತಿರ ನಮ್ಮದೊಂದು ಅಡಿಕೆ ಗೋದಾಮು ಇದೆ. ಈ ಸಲ ಬೆಂಕಿ ವಿಮೆಯನ್ನು ಬೇರೆ ಕಂಪನಿಗೆ ಬದಲಿಸುತ್ತಿದ್ದೇವೆ. ಅವರ ಅಂಡರ್‌ರೈಟರ್ ಮೂರು ವರ್ಷದ ಕ್ಲೇಮ್ ಮತ್ತು ಆಮೇಲೆ ಏನು ಸರಿಪಡಿಸಿದ್ದೀರಿ ಎಂದು ಕೇಳಿದ್ದಾರೆ.

ಮೊದಲ ವರ್ಷ ಮಳೆಗಾಲದಲ್ಲಿ ನೀರು ನುಗ್ಗಿ ಕೆಳಸಾಲಿನ ಚೀಲಗಳು ಬೂಸ್ಟು ಹಿಡಿದವು, 2.4 ಲಕ್ಷ ಸಿಕ್ಕಿತು. ಎರಡನೇ ವರ್ಷ ಕ್ಲೇಮ್ ಇಲ್ಲ. ಮೂರನೇ ವರ್ಷ ಹಳೇ ಸ್ವಿಚ್ ಬೋರ್ಡಲ್ಲಿ ಶಾರ್ಟ್ ಆಗಿ ಬೆಂಕಿ ಬಿತ್ತು, ನಾವು 6 ಲಕ್ಷ ಕೇಳಿದ್ದೇವೆ, ಸರ್ವೇಯರ್ 4.5 ಲಕ್ಷ ಅಂದಾಜು ಹಾಕಿದ್ದಾರೆ, ಹಣ ಇನ್ನೂ ಬಂದಿಲ್ಲ.

ನನಗೆ ತಿಳಿದಂತೆ ಅಂಡರ್‌ರೈಟರ್ ನೋಡುವುದು ಕೊಟ್ಟ ಹಣದ ಜೊತೆ ಬಾಕಿ ಕ್ಲೇಮಿಗೆ ಹಳೇ ಕಂಪನಿ ಎತ್ತಿಟ್ಟ ಮೊತ್ತವನ್ನೂ ಸೇರಿಸಿ, ಅಲ್ವಾ? ಹಾಗಾದರೆ 6 ಲಕ್ಷ ಬರೆದರೆ ಸುಮ್ನೆ ಪ್ರೀಮಿಯಂ ಜಾಸ್ತಿ ಆಗಬಹುದು. ಹಳೇ ಕಂಪನಿಯ ಕ್ಲೇಮ್ ಪತ್ರಕ್ಕೂ ಮೇಲ್ ಹಾಕಿದ್ದೇನೆ. ಅದರಲ್ಲಿರುವ ಅಂಕಿಯನ್ನೇ ಬರೆದು, ಸರ್ವೇ ವರದಿ ಇಟ್ಟರೆ ಸಾಕಾ?

ವೈರಿಂಗ್ ಪೂರ್ತಿ ಬದಲಿಸಿ ಇಎಲ್‌ಸಿಬಿ ಹಾಕಿದ್ದೇವೆ, ಚೀಲಗಳು ಈಗ ಮರದ ಹಲಗೆ ಮೇಲಿವೆ. ಬಿಲ್ಲು, ಫೋಟೋ ಇದೆ. ಎಲೆಕ್ಟ್ರಿಷಿಯನ್ ಸರ್ಟಿಫಿಕೇಟೂ ಬೇಕಾ? ಇಂಥ ಉತ್ತರ ಬರೆದವರಿದ್ದರೆ ದಯವಿಟ್ಟು ತಿಳಿಸಿ.